50 ಗಂಟೆ ಅಂತ ಬರೆದ ಕ್ಯಾಂಡಲ್ 28 ಗಂಟೆಗೇ ಮುಗಿಯಿತು

"ನೀವು 50 ಗಂಟೆ ಉರಿಯುತ್ತೆ ಅಂತ ಬರೆದಿದ್ದೀರಿ. ನನಗೆ 30 ಗಂಟೆಯೂ ಬರಲಿಲ್ಲ." ಕ್ಯಾಂಡಲ್ ಕೊಂಡ ಒಬ್ಬರು ಹೀಗೆ ಬರೆದಾಗ ಮೊದಲು ನನಗೆ ಸಿಟ್ಟೇ ಬಂತು. ಬತ್ತಿ ಕತ್ತರಿಸಿರಲಿಕ್ಕಿಲ್ಲ, ಗಾಳಿಯಲ್ಲಿ ಇಟ್ಟಿರಬೇಕು ಅಂದುಕೊಂಡೆ. ಆಮೇಲೆ ಅದೇ ಕ್ಯಾಂಡಲನ್ನು ನಾನೇ ಕೊನೆಯವರೆಗೂ ಉರಿಸಿ ನೋಡಿದೆ. ತಪ್ಪು ನನ್ನದೇ ಆಗಿತ್ತು.

ಅದು ಗಾಜಿನ ಜಾಡಿಯಲ್ಲಿ ಸುರಿದ ಸೋಯಾ ಮೇಣದ ಕ್ಯಾಂಡಲ್. ಒಟ್ಟು 200 ಗ್ರಾಂ, ಅದರಲ್ಲಿ 14 ಗ್ರಾಂ ಸುಗಂಧ ತೈಲ. ನಿಂಬೆ ಜಾತಿಯ ಬರ್ಗಮಾಟ್, ಲ್ಯಾವೆಂಡರ್, ಸೀಡರ್ ಮರ, ಈ ಮೂರರ ಮಿಶ್ರಣ. ಜಾಡಿಯ ಒಳ ಅಗಲ ಏಳೂವರೆ ಸೆಂಟಿಮೀಟರ್.

50 ಗಂಟೆ ಅನ್ನುವ ಲೆಕ್ಕ ಹೇಗೆ ಬಂತು ಅಂತ ಹೇಳುತ್ತೇನೆ, ಯಾಕೆಂದರೆ ತುಂಬಾ ಜನ ಹೀಗೇ ಮಾಡುತ್ತಾರೆ. ಕ್ಯಾಂಡಲ್ ತೂಗಿದೆ, ಒಂದು ಗಂಟೆ ಉರಿಸಿದೆ, ಮತ್ತೆ ತೂಗಿದೆ. 4 ಗ್ರಾಂ ಕಡಿಮೆಯಾಗಿತ್ತು. 200 ಭಾಗಿಸು 4, ಅಂದರೆ 50. ನೋಡಲು ಸರಿಯಾಗೇ ಇದೆ ಅಲ್ವಾ? ಇದರಲ್ಲಿ ಮೂರು ತಪ್ಪುಗಳಿವೆ.

ಮೊದಲನೆಯದು ತೂಕದ ಯಂತ್ರದ್ದು. ನನ್ನದು ಒಂದು ಗ್ರಾಂಗಿಂತ ಚಿಕ್ಕದನ್ನು ತೋರಿಸುತ್ತಿರಲಿಲ್ಲ. ಅದು 4 ಅಂದರೆ ನಿಜವಾಗಿ ಮೂರೂವರೆಯೂ ಇರಬಹುದು, ನಾಲ್ಕೂವರೆಯೂ ಇರಬಹುದು. ಅಷ್ಟು ಚಿಕ್ಕ ಅಂಕಿಯಲ್ಲಿ ಅರ್ಧ ಗ್ರಾಂ ತಪ್ಪಿದರೂ ಕೊನೆಗೆ ಆರೇಳು ಗಂಟೆ ಆಚೀಚೆ ಆಗುತ್ತದೆ.

ಎರಡನೆಯದು, ಮೊದಲ ಗಂಟೆಯಲ್ಲಿ ಕ್ಯಾಂಡಲ್ ನಿಧಾನವಾಗಿ ಉರಿಯುತ್ತದೆ. ಮೇಣ ಇನ್ನೂ ಗಟ್ಟಿ, ಜಾಡಿ ತಣ್ಣಗೆ. ಬತ್ತಿಯ ಬಿಸಿಯಲ್ಲಿ ಹೆಚ್ಚಿನ ಪಾಲು ಸುತ್ತಲಿನ ಮೇಣ ಕರಗಿಸುವುದಕ್ಕೇ ಹೋಗುತ್ತದೆ. ಕರಗಿದ ಮೇಣ ಅಂಚಿನವರೆಗೆ ಹರಡಿದ ಮೇಲೆ ಬತ್ತಿಗೆ ಸಲೀಸಾಗಿ ಮೇಣ ಸಿಗುತ್ತದೆ, ಉರಿ ಜೋರಾಗುತ್ತದೆ. ಮೇಣ ತಳದ ಕಡೆ ಇಳಿದಂತೆ ಸುತ್ತಲಿನ ಗಾಜೂ ಬಿಸಿಯನ್ನು ಹಿಡಿದಿಡುತ್ತದೆ.

ಮೂರನೆಯ ತಪ್ಪೇ ದೊಡ್ಡದು. ಜಾಡಿಯ ಕ್ಯಾಂಡಲನ್ನು ತಳದವರೆಗೆ ಉರಿಸಬಾರದು. ಸುಮಾರು ಒಂದು ಸೆಂಟಿಮೀಟರ್ ಮೇಣ ಉಳಿದಾಗ ನಿಲ್ಲಿಸಬೇಕು, ಇಲ್ಲದಿದ್ದರೆ ಜ್ವಾಲೆಯ ಬಿಸಿ ನೇರವಾಗಿ ಗಾಜಿನ ತಳಕ್ಕೆ ತಾಗಿ ಗಾಜು ಸೀಳಬಹುದು. ಈ ಎಚ್ಚರಿಕೆಯನ್ನು ನಾನೇ ಚೀಟಿಯಲ್ಲಿ ಅಚ್ಚು ಹಾಕಿಸಿದ್ದೆ. ಆದರೆ ಅದೇ ಚೀಟಿಯ ಮೇಲಿನ ಸಾಲಿನಲ್ಲಿ ಪೂರ್ತಿ 200 ಗ್ರಾಂ ಉರಿಯುತ್ತದೆ ಅಂತ ಲೆಕ್ಕ ಹಾಕಿದ್ದೆ! ಏಳೂವರೆ ಸೆಂಟಿಮೀಟರ್ ಅಗಲದ ಜಾಡಿಯಲ್ಲಿ ಒಂದು ಸೆಂಟಿಮೀಟರ್ ಮೇಣ ಅಂದರೆ ಹತ್ತಿರ ಹತ್ತಿರ 40 ಗ್ರಾಂ. ಕೊಂಡವರಿಗೆ ಉರಿಸಲು ಸಿಗುವುದು 160 ಗ್ರಾಂ ಮಾತ್ರ.

ಈಗ ನಾನು ಮಾಡುವ ಕ್ರಮ ಬೇರೆ. ಸುರಿದ ಮೇಲೆ ಕ್ಯಾಂಡಲನ್ನು ಎರಡು ವಾರ ಮುಟ್ಟುವುದಿಲ್ಲ. ಸೋಯಾ ಮೇಣ ಪೂರ್ತಿ ಗಟ್ಟಿಯಾಗಲು, ಘಮ ಅದರಲ್ಲಿ ಕೂರಲು ಅಷ್ಟು ಸಮಯ ಬೇಕು. ಆಮೇಲೆ ಬತ್ತಿಯನ್ನು 5 ಮಿಲಿಮೀಟರಿಗೆ ಕತ್ತರಿಸಿ, ತೂಗಿ, ಗಾಳಿ ಬೀಸದ ಕಡೆ ಇಟ್ಟು 4 ಗಂಟೆ ಉರಿಸುತ್ತೇನೆ. ಆರಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಮತ್ತೆ ತೂಗಿ ಬರೆದಿಡುತ್ತೇನೆ. ಮರುದಿನ ಮತ್ತೆ ಬತ್ತಿ ಕತ್ತರಿಸಿ ಇದನ್ನೇ ಮಾಡುವುದು. ಒಂದು ಸೆಂಟಿಮೀಟರ್ ಮೇಣ ಉಳಿಯುವವರೆಗೆ ಹೀಗೇ.

ಆ ಕ್ಯಾಂಡಲ್ ಮೊದಲ ದಿನ 18 ಗ್ರಾಂ ಉರಿಯಿತು, ಎರಡನೇ ದಿನ 21, ಮೂರನೇ ದಿನ 23. ಅಲ್ಲಿಂದ ಮುಂದೆ ದಿನಕ್ಕೆ 24ರಂತೆ ಸಾಗಿತು. ಏಳನೇ ದಿನ ಮುಗಿದಾಗ ಒಟ್ಟು 158 ಗ್ರಾಂ ಹೋಗಿತ್ತು, ತಳದಲ್ಲಿ ಒಂದು ಸೆಂಟಿಮೀಟರ್ ಉಳಿದಿತ್ತು. ಏಳು ದಿನ, ದಿನಕ್ಕೆ 4 ಗಂಟೆ, ಅಂದರೆ 28 ಗಂಟೆ. ಅದೇ ದಿನ ಸುರಿದ ಇನ್ನೆರಡನ್ನು ಉರಿಸಿದಾಗ ಒಂದು 27, ಇನ್ನೊಂದು 30 ಗಂಟೆ ಬಂತು. ನಾನು ಸರಾಸರಿ ಬರೆಯುವುದಿಲ್ಲ. ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ತೆಗೆದುಕೊಂಡು ಇನ್ನೂ ಸ್ವಲ್ಪ ಇಳಿಸುತ್ತೇನೆ. ಹಾಗಾಗಿ ಈಗ ಆ ಚೀಟಿಯಲ್ಲಿ "ಸುಮಾರು 25 ಗಂಟೆ" ಅಂತ ಇದೆ. 50 ಇದ್ದದ್ದು 25 ಆದಾಗ ಮನಸ್ಸಿಗೆ ಸ್ವಲ್ಪ ಕಷ್ಟವಾಯಿತು, ನಿಜ.

ಇನ್ನು ಘಮದ ವಿಷಯ. ಅತ್ತರಿನ ಬಗ್ಗೆ ಬರೆಯುವವರು ಘಮವನ್ನು ಮೇಲಿನದು, ನಡುವಿನದು, ತಳದ್ದು ಅಂತ ಮೂರು ಮಾಡುತ್ತಾರೆ. ಬೇಗ ಹಾರುವುದು ಮೊದಲು, ನಿಧಾನವಾಗಿ ಹಾರುವುದು ಕೊನೆಗೆ. ನಾನೂ ಅದನ್ನೇ ಎತ್ತಿಕೊಂಡು "ಮೊದಲು ಬರ್ಗಮಾಟಿನ ತಾಜಾತನ, ನಂತರ ಲ್ಯಾವೆಂಡರಿನ ಮೃದುತನ, ಕೊನೆಗೆ ಸೀಡರಿನ ಆಳ" ಅಂತ ಬರೆದಿದ್ದೆ. ಓದಲು ಚೆನ್ನಾಗಿತ್ತು. ಉರಿಸಿದಾಗ ಹಾಗೆ ಆಗುತ್ತಿರಲಿಲ್ಲ.

ಕಾರಣ ಸರಳ. ಚರ್ಮಕ್ಕೆ ಹಚ್ಚಿದ ಅತ್ತರು ಒಂದೇ ಸಲ ಹಚ್ಚಿದ್ದು. ಅದರಲ್ಲಿ ಹಗುರವಾದದ್ದು ಹಾರಿಹೋದರೆ ಮತ್ತೆ ಬರುವುದಿಲ್ಲ, ಆದ್ದರಿಂದ ಒಂದಾದ ಮೇಲೆ ಒಂದು ಬರುತ್ತದೆ. ಕ್ಯಾಂಡಲಿನಲ್ಲಿ ಹೊಸ ಮೇಣ ಕರಗುತ್ತಲೇ ಇರುತ್ತದೆ, ಅದರ ಜೊತೆ ಮೂರೂ ಘಮಗಳು ಹೊಸದಾಗಿ ಬರುತ್ತಲೇ ಇರುತ್ತವೆ. ಹಾಗಾಗಿ ಅವು ಸಾಲುಗಟ್ಟಿ ಬರುವುದಿಲ್ಲ, ಕಲೆತು ಬರುತ್ತವೆ. ನಿಜವಾದ ವ್ಯತ್ಯಾಸ ಇರುವುದು ತಣ್ಣಗಿರುವ ಕ್ಯಾಂಡಲಿಗೂ ಉರಿಯುವ ಕ್ಯಾಂಡಲಿಗೂ ನಡುವೆ. ನನ್ನದರಲ್ಲಿ ಮುಚ್ಚಳ ತೆಗೆದರೆ ಬರ್ಗಮಾಟ್ ಮೂಗಿಗೆ ಹೊಡೆಯುತ್ತಿತ್ತು. ಉರಿಸಿದ ಮೇಲೆ ಅದು ಹಿಂದೆ ಸರಿದು ಸೀಡರ್ ಮತ್ತು ಲ್ಯಾವೆಂಡರ್ ಮುಂದೆ ಬರುತ್ತಿದ್ದವು. ಮುಚ್ಚಳ ತೆಗೆದು ಮೂಸಿ ಕೊಂಡವರಿಗೆ ಆಮೇಲೆ "ಇದು ಬೇರೆ ವಾಸನೆ" ಅನ್ನಿಸಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಅದಕ್ಕೇ ಈಗ ಎರಡು ಸಾಲು ಬರೆಯುತ್ತೇನೆ, ತಣ್ಣಗಿದ್ದಾಗ ಹೇಗೆ, ಉರಿಯುವಾಗ ಹೇಗೆ. ಮಾಡಿದವನ ಮೂಗನ್ನು ಇದಕ್ಕೆ ನಂಬಬಾರದು. ದಿನವಿಡೀ ಅದೇ ತೈಲದ ನಡುವೆ ಇದ್ದರೆ ಮೂಗಿಗೆ ಏನೂ ತಿಳಿಯುವುದಿಲ್ಲ. ಕ್ಯಾಂಡಲ್ ಎರಡು ಗಂಟೆ ಉರಿದ ಮೇಲೆ, ಅಲ್ಲಿಯವರೆಗೆ ಹೊರಗಿದ್ದ ಇಬ್ಬರು ಮೂವರನ್ನು ಒಳಗೆ ಕರೆಯುತ್ತೇನೆ. ಏನು ಹಾಕಿದ್ದೇನೆ ಅಂತ ಹೇಳುವುದಿಲ್ಲ. ಅವರ ಬಾಯಿಂದ ಬಂದ ಮೊದಲ ಮಾತನ್ನು ಬರೆದುಕೊಳ್ಳುತ್ತೇನೆ. ಈ ಕ್ಯಾಂಡಲಿಗೆ ಒಬ್ಬರು "ಹೊಸದಾಗಿ ಚೂಪು ಮಾಡಿದ ಪೆನ್ಸಿಲ್" ಅಂದರು. ಸೀಡರ್ ಅಂದರೆ ಏನೆಂದು ಗೊತ್ತಿಲ್ಲದವರಿಗೂ ಅದು ಅರ್ಥವಾಗುತ್ತದೆ. ಹಾಗೇ ಚೀಟಿಗೆ ಹಾಕಿದೆ.

ಕೆಲವು ಮಾತುಗಳನ್ನು ಪೂರ್ತಿ ಬಿಟ್ಟೆ. "ನಿದ್ದೆ ತರುತ್ತದೆ", "ತಲೆನೋವಿಗೆ ಒಳ್ಳೆಯದು" ಅನ್ನುವುದು ಕ್ಯಾಂಡಲ್ ಮಾರುವವನು ಹೇಳುವ ಮಾತಲ್ಲ. "ಹೊಗೆಯೇ ಇಲ್ಲ" ಅನ್ನುವುದೂ ಸುಳ್ಳು. ಬತ್ತಿ ಉದ್ದವಾದರೆ ಯಾವ ಮೇಣವಾದರೂ ಮಸಿ ಬಿಡುತ್ತದೆ. "ನೈಸರ್ಗಿಕ, ಹಾಗಾಗಿ ಯಾರಿಗೂ ತೊಂದರೆಯಿಲ್ಲ" ಅನ್ನುವುದಂತೂ ಬೇಡವೇ ಬೇಡ. ಲ್ಯಾವೆಂಡರ್ ಮತ್ತು ಬರ್ಗಮಾಟ್ ಎರಡರಲ್ಲೂ ಲಿನಲೂಲ್ ಅನ್ನುವ ಘಮದ ಅಂಶ ಇರುತ್ತದೆ, ಕೆಲವರಿಗೆ ಅದು ಅಲರ್ಜಿ ತರುತ್ತದೆ. ಅದರ ಹೆಸರನ್ನೇ ಚೀಟಿಯಲ್ಲಿ ಬರೆಯುತ್ತೇನೆ.

ಎಚ್ಚರಿಕೆಯ ಸಾಲುಗಳನ್ನು ಮೊದಲು ನಾನು ಬೇರೆ ಚೀಟಿಗಳನ್ನು ನೋಡಿ ನಕಲು ಮಾಡಿದ್ದೆ. ಅದರಲ್ಲಿ "ಆರಿಸಲು ಮುಚ್ಚಳ ಮುಚ್ಚಿ" ಅಂತ ಇತ್ತು. ಅದು ಲೋಹದ ಮುಚ್ಚಳಕ್ಕೆ ಬರೆದದ್ದು. ನನ್ನ ಮುಚ್ಚಳ ಮರದ್ದು, ಸುತ್ತ ರಬ್ಬರಿನಂಥ ಉಂಗುರ! ಉರಿಯುವ ಬತ್ತಿಯ ಮೇಲೆ ಮರ ಇಡಿ ಅಂತ ನಾನೇ ಜನರಿಗೆ ಹೇಳುತ್ತಿದ್ದೆ. ಈಗ "ಮುಚ್ಚಳದಿಂದ ಆರಿಸಬೇಡಿ, ಕಡ್ಡಿಯಿಂದ ಬತ್ತಿಯನ್ನು ಕರಗಿದ ಮೇಣಕ್ಕೆ ಅದ್ದಿ ಮೇಲೆತ್ತಿ" ಅಂತ ಇದೆ. ಲೋಹದ ಕಡ್ಡಿಯೊಂದನ್ನು ಜೊತೆಗೇ ಕೊಡುತ್ತೇನೆ. ಹೀಗೆ ಅದ್ದಿದರೆ ಆರುವಾಗ ಬರುವ ಸುಟ್ಟ ವಾಸನೆಯೂ ಇರುವುದಿಲ್ಲ.

ಇನ್ನೊಂದು ಕಥೆ ಒಣ ಹೂವಿನದು. ಫೋಟೊ ಚೆನ್ನಾಗಿ ಬರಲಿ ಅಂತ ಮೇಣದ ಮೇಲೆ ಒಣ ಲ್ಯಾವೆಂಡರ್ ಉದುರಿಸುತ್ತಿದ್ದೆ. "ಹಚ್ಚುವ ಮುಂಚೆ ಹೂ ತೆಗೆಯಿರಿ" ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೆ. ಒಂದು ಪರೀಕ್ಷೆಯಲ್ಲಿ ಬೇಕಂತಲೇ ತೆಗೆಯದೆ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಹೂಗಳು ಕರಗಿದ ಮೇಣದಲ್ಲಿ ತೇಲಿ ಬತ್ತಿಯ ಹತ್ತಿರ ಬಂದವು. ಮೇಣ ಹೀರಿದ ಒಣ ಹೂ ಇನ್ನೊಂದು ಬತ್ತಿ ಇದ್ದಂತೆ. ಜಾಡಿಯಲ್ಲಿ ಎರಡು ಕಡೆ ಉರಿ ಎದ್ದಿತು. ನೀರು ಹಾಕುವ ಯೋಚನೆ ಬಂತು, ಪುಣ್ಯಕ್ಕೆ ಹಾಕಲಿಲ್ಲ. ಬಿಸಿ ಮೇಣದಲ್ಲಿ ನೀರು ಬಿದ್ದ ಕೂಡಲೇ ಆವಿಯಾಗಿ, ಉರಿಯುವ ಮೇಣವನ್ನು ಸುತ್ತ ಸಿಡಿಸುತ್ತದೆ. ಪಕ್ಕದಲ್ಲಿದ್ದ ಸ್ಟೀಲ್ ತಟ್ಟೆಯನ್ನು ಮೇಲೆ ಮುಚ್ಚಿದೆ, ಆರಿತು. ಅಂದಿನಿಂದ ಹೂ ಹಾಕುವುದನ್ನೇ ಬಿಟ್ಟೆ. ಸಣ್ಣ ಅಕ್ಷರದ ಸಾಲನ್ನು ದೊಡ್ಡದು ಮಾಡಿದರೆ ಸಾಲದು ಅನ್ನಿಸಿತು, ಯಾಕೆಂದರೆ ಉಡುಗೊರೆಯಾಗಿ ಪಡೆದವರು ಚೀಟಿ ಓದುವುದೇ ಇಲ್ಲ.

ಈಗ ಆ ಕ್ಯಾಂಡಲಿನ ಚೀಟಿ ಹೀಗಿದೆ:

"200 ಗ್ರಾಂ ಸೋಯಾ ಮೇಣದ ಕ್ಯಾಂಡಲ್, ಹತ್ತಿಯ ಬತ್ತಿ. ದಿನಕ್ಕೆ 4 ಗಂಟೆಯಂತೆ ಉರಿಸಿದರೆ ಸುಮಾರು 25 ಗಂಟೆ ಬರುತ್ತದೆ. ತಣ್ಣಗಿದ್ದಾಗ ಬರ್ಗಮಾಟಿನ ಹುಳಿ ಘಮ. ಉರಿಯುವಾಗ ಲ್ಯಾವೆಂಡರ್, ಜೊತೆಗೆ ಹೊಸದಾಗಿ ಚೂಪು ಮಾಡಿದ ಪೆನ್ಸಿಲಿನಂಥ ಸೀಡರ್. ಲಿನಲೂಲ್ ಇದೆ, ಅಲರ್ಜಿ ಇರುವವರು ಗಮನಿಸಿ. ಮೊದಲ ಸಲ ಮೇಣ ಅಂಚಿನವರೆಗೆ ಕರಗುವ ತನಕ ಉರಿಸಿ. ಪ್ರತಿ ಸಲ ಬತ್ತಿಯನ್ನು 5 ಮಿಲಿಮೀಟರಿಗೆ ಕತ್ತರಿಸಿ. ಒಮ್ಮೆಗೆ 4 ಗಂಟೆಗಿಂತ ಜಾಸ್ತಿ ಬೇಡ. ಉರಿಯುತ್ತಿರುವಾಗ ಬಿಟ್ಟುಹೋಗಬೇಡಿ. ಮಕ್ಕಳು, ಸಾಕುಪ್ರಾಣಿ, ಪರದೆ, ಫ್ಯಾನಿನ ಗಾಳಿಯಿಂದ ದೂರವಿಡಿ. ಜಾಡಿ ಬಿಸಿಯಾಗುತ್ತದೆ, ಬಿಸಿ ತಡೆಯುವ ತಟ್ಟೆಯ ಮೇಲೆ ಇಡಿ, ಉರಿಯುವಾಗ ಎತ್ತಬೇಡಿ. ಮುಚ್ಚಳದಿಂದಾಗಲಿ ನೀರಿನಿಂದಾಗಲಿ ಆರಿಸಬೇಡಿ, ಕಡ್ಡಿಯಿಂದ ಬತ್ತಿಯನ್ನು ಕರಗಿದ ಮೇಣಕ್ಕೆ ಅದ್ದಿ ಮೇಲೆತ್ತಿ. ಒಂದು ಸೆಂಟಿಮೀಟರ್ ಮೇಣ ಉಳಿದಾಗ ನಿಲ್ಲಿಸಿ."

"ಮೊದಲ ಸಲ ಅಂಚಿನವರೆಗೆ" ಅನ್ನುವ ಸಾಲು 25 ಗಂಟೆಯನ್ನು ಕಾಪಾಡುವ ಸಾಲು. ಮೊದಲ ಸಲ ಅರ್ಧ ಗಂಟೆಗೇ ಆರಿಸಿದರೆ ನಡುವೆ ಮಾತ್ರ ಗುಂಡಿಯಾಗುತ್ತದೆ. ಮುಂದೆಯೂ ಆ ಗುಂಡಿಯೇ ಆಳವಾಗುತ್ತಾ ಹೋಗಿ, ಗೋಡೆಗೆ ಅಂಟಿದ ಮೇಣ ಹಾಗೇ ಉಳಿದುಬಿಡಬಹುದು. ಗಂಟೆ ಬರಲಿಲ್ಲ ಅಂತ ಯಾರಾದರೂ ಬರೆದರೆ ಈಗ ಜಾಡಿಯ ಒಳಗಿನ ಒಂದು ಫೋಟೊ ಕೇಳುತ್ತೇನೆ. ಗೋಡೆಯಲ್ಲಿ ಮೇಣ ಇದ್ದರೆ ಕಾರಣ ಅದೇ. ಗೋಡೆ ಸ್ವಚ್ಛವಾಗಿದ್ದರೆ ನಾನು ಬತ್ತಿಯನ್ನು ದಪ್ಪ ಹಾಕಿದ್ದೇನೆಯೋ ಅಂತ ನನ್ನ ಪುಸ್ತಕ ತೆಗೆದು ನೋಡುತ್ತೇನೆ.