ಡೆಲಿವರಿ ಕೆಲಸಕ್ಕೆ ಗಾಡಿ ತಗೊಳ್ತಿದ್ದೀರಾ? ವರ್ಷ ಬಿಡಿ, ಕಿಲೋಮೀಟರ್ ಲೆಕ್ಕ ಹಾಕಿ

ಆಫೀಸಿಗೆ ಹೋಗಿ ಬರೋರು ಬೈಕ್ ತಗೊಂಡ್ರೆ ವರ್ಷಕ್ಕೆ ಏಳೆಂಟು ಸಾವಿರ ಕಿಲೋಮೀಟರ್ ಓಡಿಸ್ತಾರೆ, ಡೆಲಿವರಿ ಮಾಡೋರು ಅಷ್ಟನ್ನ ಮೂರೇ ತಿಂಗಳಲ್ಲಿ ಓಡಿಸಿಬಿಡ್ತಾರೆ. ಹಾಗಾಗಿ ಶೋರೂಮಲ್ಲಿ ಹೇಳೋ ಐದು ವರ್ಷ ವಾರಂಟಿ, ಮೂರು ವರ್ಷ ಲೋನ್ ಎಲ್ಲಾ ಇವರಿಗೆ ಬೇರೆ ಥರ ಲೆಕ್ಕ ಆಗುತ್ತೆ. ಬೆಂಗಳೂರಲ್ಲಿ ದಿನಕ್ಕೆ 100 ಕಿಮೀ, ತಿಂಗಳಿಗೆ 26 ದಿನ ಓಡಿಸೋ ಒಬ್ಬ ಹುಡುಗನ್ನ ಉದಾಹರಣೆಗೆ ಇಟ್ಕೊಳ್ಳೋಣ. ತಿಂಗಳಿಗೆ 2,600 ಕಿಮೀ, ವರ್ಷಕ್ಕೆ 31 ಸಾವಿರ ದಾಟುತ್ತೆ. ನಿಮ್ಮ ಓಡಾಟ ಇದಕ್ಕಿಂತ ಕಮ್ಮಿ ಇರ್ಬಹುದು ಜಾಸ್ತಿನೂ ಇರ್ಬಹುದು, ಆ ನಂಬರ್ ಹಾಕಿ ಇದೇ ಲೆಕ್ಕ ಮಾಡ್ಕೊಳ್ಳಿ.

ಮೊದಲನೇ ಹೆಜ್ಜೆ: ಏನು ಹೊರ್ತೀರ ಅಂತ ನೋಡಿ

ಗಾಡಿ ಹೆಸರು ಯೋಚನೆ ಮಾಡೋಕೆ ಮುಂಚೆ ಯಾವ ಆಪಲ್ಲಿ ಕೆಲಸ ಅಂತ ನೋಡ್ಬೇಕು. ಊಟದ ಡೆಲಿವರಿ ಆದ್ರೆ ಬೆನ್ನ ಮೇಲೋ ಹಿಂದಿನ ಸೀಟಲ್ಲೋ ಒಂದು ಬ್ಯಾಗು, ತೂಕ ಅಂತ ಹೇಳ್ಕೊಳ್ಳೋ ಹಾಗೇನಿರಲ್ಲ, ಆದ್ರೆ ದೂರ ಜಾಸ್ತಿ. ಹತ್ತು ನಿಮಿಷದ ದಿನಸಿ ಡೆಲಿವರಿ ಆದ್ರೆ ಉಲ್ಟಾ, ಸ್ಟೋರ್ ಸುತ್ತಮುತ್ತ ಎರಡು ಮೂರು ಕಿಮೀ ಒಳಗೇ ಓಡಾಟ, ಆದ್ರೆ 10 ಕೆಜಿ ಅಕ್ಕಿ, 5 ಕೆಜಿ ಹಿಟ್ಟು, ಎಣ್ಣೆ ಕ್ಯಾನು ಒಂದೇ ಆರ್ಡರಲ್ಲಿ ಬರುತ್ತೆ. ಪಾರ್ಸೆಲ್ ಕೆಲಸ ಆದ್ರೆ ಬೆಳಿಗ್ಗೆ ಹೊರಡುವಾಗ ದೊಡ್ಡ ಬ್ಯಾಗ್ ತುಂಬಾ ಇರುತ್ತೆ, ಆಮೇಲೆ ಕಮ್ಮಿ ಆಗ್ತಾ ಹೋಗುತ್ತೆ.

ದಿನಸಿಗೆ ಸ್ಕೂಟರ್ ಯಾಕೆ ಸುಲಭ ಅಂದ್ರೆ ಕಾಲ ಹತ್ರ ಫುಟ್‌ಬೋರ್ಡ್ ಇದೆ, ಭಾರ ಕೆಳಗೆ ಮಧ್ಯದಲ್ಲಿ ಕೂರುತ್ತೆ. ಅದೇ ಭಾರವನ್ನ ಬೈಕಿನ ಹಿಂದಿನ ಸೀಟಿನ ತುದಿಗೆ ಕಟ್ಟಿದ್ರೆ, ಅದು ಹಿಂದಿನ ಚಕ್ರದ ಆಕ್ಸಲ್‌ಗಿಂತ ಆಚೆ ಹೋದ್ರೆ, ಮುಂದಿನ ಚಕ್ರ ಹಗುರ ಆಗುತ್ತೆ, ಹ್ಯಾಂಡಲ್ ತೇಲಿದ ಹಾಗಾಗುತ್ತೆ. ಮಳೇಲಿ ತಿರುವಲ್ಲಿ ಜಾರೋದು ಹೀಗೇನೆ. ಬೈಕಲ್ಲಿ ಭಾರ ಹೊರೋದಾದ್ರೆ ಬ್ಯಾಗನ್ನ ಬೆನ್ನಿಗೆ ಒತ್ತಿಕೊಂಡ ಹಾಗೆ ಮುಂದಕ್ಕೆ ಕಟ್ಟಿ, ಹಿಂದಿನ ಶಾಕ್ ಅಬ್ಸಾರ್ಬರಲ್ಲಿ ಸ್ಟೆಪ್ ಅಡ್ಜಸ್ಟ್ ಇದ್ರೆ ಒಂದೆರಡು ಸ್ಟೆಪ್ ಗಟ್ಟಿ ಮಾಡ್ಸಿ, ಹಿಂದಿನ ಟೈರಿಗೆ ಇಬ್ಬರು ಕೂತಾಗ ಎಷ್ಟು ಗಾಳಿ ಅಂತ ಕಂಪನಿ ಹೇಳಿದ್ಯೋ ಅಷ್ಟು ಹೊಡೆಸಿ. ಬರೀ ಭಾರದ ಕೆಲಸ, ದೂರ ಕಮ್ಮಿ ಅಂದ್ರೆ ಟಿವಿಎಸ್ ಎಕ್ಸ್‌ಎಲ್ 100 ನ ಸುಮ್ನೆ ತಳ್ಳಿಹಾಕ್ಬೇಡಿ. ಹಾಲಿನವರು ತರಕಾರಿಯವರು ಅದನ್ನ ಬಿಡದೇ ಇರೋದಕ್ಕೆ ಕಾರಣ ಇದೆ, 130 ಕೆಜಿ ಹೊರುತ್ತೆ ಅಂತ ಕಂಪನಿನೇ ಹೇಳುತ್ತೆ, ಹಿಂದಿನ ಸೀಟ್ ತೆಗೆದ್ರೆ ಪೂರ್ತಿ ಜಾಗ ನಿಮ್ದೇ. ಟ್ಯಾಂಕ್ ಮಾತ್ರ 4 ಲೀಟರ್, ಫ್ಲೈಓವರ್ ಮೇಲೆ ಬೇರೆ ಗಾಡಿಗಳ ಸ್ಪೀಡಿಗೆ ಸಾಟಿ ಆಗಲ್ಲ.

ಎರಡನೇದು: ಮೈಲೇಜ್ ಅನ್ನ ದುಡ್ಡಲ್ಲಿ ನೋಡಿ

ಕಂಪನಿ ಹೇಳೋ ಮೈಲೇಜ್ ಬಿಡಿ, ಸಿಲ್ಕ್ ಬೋರ್ಡಲ್ಲೂ ಮಾರತ್ತಹಳ್ಳೀಲೂ ಅದು ಸಿಗಲ್ಲ. ಒಂದು 100 ಸಿಸಿ ಬೈಕ್ ಇಲ್ಲಿನ ಟ್ರಾಫಿಕ್ಕಲ್ಲಿ 55 ಕೊಡುತ್ತೆ, 110 ಸಿಸಿ ಸ್ಕೂಟರ್ 42 ಕೊಡುತ್ತೆ ಅಂತಿಟ್ಕೊಳ್ಳಿ, ಪೆಟ್ರೋಲ್ ಲೀಟರಿಗೆ 103 ರೂಪಾಯಿ ಅಂತ ಹಿಡೀರಿ. ನಮ್ಮ ಹುಡುಗನ 2,600 ಕಿಮೀಗೆ ಬೈಕಲ್ಲಾದ್ರೆ 4,870 ರೂಪಾಯಿ ಪೆಟ್ರೋಲ್, ಸ್ಕೂಟರಲ್ಲಾದ್ರೆ 6,380. ತಿಂಗಳಿಗೆ 1,500 ರೂಪಾಯಿ ವ್ಯತ್ಯಾಸ, ಎರಡು ವರ್ಷಕ್ಕೆ 36 ಸಾವಿರ. ಆದ್ರೆ ದಿನಕ್ಕೆ 40 ಕಿಮೀ ಮಾತ್ರ ಓಡೋ ದಿನಸಿ ಹುಡುಗನಿಗೆ ಈ ವ್ಯತ್ಯಾಸ ಆರ್ನೂರು ರೂಪಾಯಿ ಅಷ್ಟೇ, ಅವನಿಗೆ ಫುಟ್‌ಬೋರ್ಡೇ ಮುಖ್ಯ, ಮೈಲೇಜ್ ಅಲ್ಲ. ಇಲ್ಲಿ ತುಂಬಾ ಜನ ಫ್ರೆಂಡ್ ತಗೊಂಡ ಅಂತ ಅದೇ ಗಾಡಿ ತಗೊಂಡು ಕೈ ಸುಟ್ಕೊಳ್ತಾರೆ, ಫ್ರೆಂಡಿನ ಕೆಲಸ ಬೇರೆ ನಿಮ್ಮ ಕೆಲಸ ಬೇರೆ.

ನೀವು ಕಣ್ಣಿಟ್ಟಿರೋ ಗಾಡಿಯ ನಿಜವಾದ ಮೈಲೇಜ್ ತಿಳ್ಕೊಳ್ಳೋಕೆ ಅದೇ ಗಾಡಿ ಓಡಿಸೋ ಒಬ್ಬ ಡೆಲಿವರಿ ಹುಡುಗನ್ನ ಕೇಳಿ, ಫುಲ್ ಟ್ಯಾಂಕಿಂದ ಫುಲ್ ಟ್ಯಾಂಕಿಗೆ ಎಷ್ಟು ಕಿಮೀ ಬಂತು ಎಷ್ಟು ಲೀಟರ್ ಹಿಡೀತು ಅಂತ. ನೂರು ರೂಪಾಯಿಗೆ ಎಷ್ಟು ಓಡುತ್ತೆ ಅನ್ನೋ ಅಂದಾಜು ನಂಬ್ಬೇಡಿ, ರಿಸರ್ವ್ ಎಲ್ಲಿ ಬೀಳುತ್ತೆ ಅನ್ನೋದರ ಮೇಲೆ ಅದು ತಪ್ಪಾಗುತ್ತೆ.

ಎಲೆಕ್ಟ್ರಿಕ್ ಬಗ್ಗೆ ಎಲ್ಲರೂ ಕೇಳ್ತಾರೆ. ಮನೇಲಿ ಚಾರ್ಜ್ ಮಾಡ್ಕೊಂಡ್ರೆ ಇಷ್ಟೇ ಓಡಾಟಕ್ಕೆ ತಿಂಗಳಿಗೆ ಆರೇಳ್ನೂರು ರೂಪಾಯಿ ಕರೆಂಟು ಸಾಕಾಗುತ್ತೆ, ಇದು ದೊಡ್ಡ ಉಳಿತಾಯನೇ. ಆದ್ರೆ ಎರಡು ವಿಷಯ ನೋಡ್ಲೇಬೇಕು. ಒಂದು, 3 ಯೂನಿಟ್ ಬ್ಯಾಟರಿ ಇರೋ ಗಾಡಿ ಲೋಡ್ ಇಟ್ಕೊಂಡು 80, 90 ಕಿಮೀ ಓಡಿದ್ರೆ ಹೆಚ್ಚು, ನಿಮಗೆ ನೂರು ಬೇಕು, ಮಧ್ಯಾಹ್ನ ಒಂದು ಸಲ ಚಾರ್ಜಿಗೆ ಹಾಕೋ ಜಾಗ ಬೇಕು. ಪಿಜಿಯಲ್ಲಿ ಇರೋರಿಗೆ, ಮೂರನೇ ಮಹಡಿ ರೂಮಲ್ಲಿ ಇರೋರಿಗೆ ರಾತ್ರಿ ಚಾರ್ಜಿಗೇ ಓನರ್ ಒಪ್ಪಲ್ಲ, ಅದನ್ನ ಮೊದಲು ಕೇಳ್ಕೊಂಡು ಆಮೇಲೆ ಬುಕ್ ಮಾಡಿ. ಎರಡು, ಬ್ಯಾಟರಿ ವಾರಂಟಿ. ಕೆಲವು ಗಾಡಿಗಳದ್ದು 3 ವರ್ಷ ಅಥವಾ 50,000 ಕಿಮೀ, ಯಾವುದು ಮೊದಲೋ ಅದು. ನಮ್ಮ ಹುಡುಗನಿಗೆ 50,000 ಕಿಮೀ 19 ತಿಂಗಳಿಗೇ ಮುಗಿಯುತ್ತೆ, ಲೋನ್ ಇನ್ನೂ ಬಾಕಿ ಇರುತ್ತೆ, ಗಾಡಿಯಲ್ಲಿ ಅತೀ ದುಬಾರಿ ಪಾರ್ಟೇ ಆ ಬ್ಯಾಟರಿ. ಎಲೆಕ್ಟ್ರಿಕ್ಕೇ ಬೇಕು ಅಂದ್ರೆ ಬಾಡಿಗೆಗೆ ಸಿಗೋ ಗಾಡಿ ಒಂದು ತಿಂಗಳು ಓಡಿಸಿ ನೋಡಿ, ಬ್ಯಾಟರಿ ಚಿಂತೆ ಬಾಡಿಗೆ ಕೊಟ್ಟವರದ್ದು.

ಮೂರನೇದು: ಯಾವುದು ಯಾವಾಗ ಸವೆಯುತ್ತೆ

ಬಾಳಿಕೆ ಅಂದ್ರೆ ಎಂಜಿನ್ ಅಂತ ಎಲ್ಲರೂ ಅನ್ಕೋತಾರೆ, ಟೈಮಿಗೆ ಆಯಿಲ್ ಬದಲಾಯಿಸಿದ್ರೆ 100 ಸಿಸಿ ಎಂಜಿನ್ ಸುಲಭಕ್ಕೆ ಕೈ ಕೊಡಲ್ಲ. ದುಡ್ಡು ತಿನ್ನೋದು ಬೇರೆ ಪಾರ್ಟುಗಳು. ಬೈಕಲ್ಲಿ ಚೈನ್ ಸೆಟ್ಟು, ಕ್ಲಚ್ ಪ್ಲೇಟು, ಬ್ರೇಕ್ ಶೂ. ಸ್ಕೂಟರಲ್ಲಿ ಡ್ರೈವ್ ಬೆಲ್ಟು, ಅದರ ಜೊತೆ ರೋಲರುಗಳು. ಬೆಲ್ಟ್ ಸುಮಾರು 20 ಸಾವಿರ ಕಿಮೀ ಆಸುಪಾಸಲ್ಲಿ ಬದಲಾಯಿಸ್ಬೇಕು, ಮನೆ ಸ್ಕೂಟರಿಗೆ ಅದು ಎಷ್ಟೋ ವರ್ಷದ ಮಾತು, ನಿಮಗೆ ಎಂಟೇ ತಿಂಗಳು. ಗಾಡಿ ಹೊರಡುವಾಗ ನಡುಗಿದ್ರೆ, ಎಂಜಿನ್ ಕೂಗಿದ್ರೂ ಸ್ಪೀಡ್ ಏರದೇ ಇದ್ರೆ ಬೆಲ್ಟ್ ಕಡೆ ನೋಡ್ಸಿ, ದಾರಿ ಮಧ್ಯ ಕಿತ್ತರೆ ತಳ್ಕೊಂಡೇ ಹೋಗ್ಬೇಕು, ಅವತ್ತಿನ ಇನ್ಸೆಂಟಿವ್ ಹೋಯ್ತು.

ಚಕ್ರದ ಸೈಜೂ ನೋಡಿ. ತುಂಬಾ ಸ್ಕೂಟರುಗಳ ಹಿಂದಿನ ಚಕ್ರ 10 ಇಂಚು, 100 ಸಿಸಿ ಬೈಕುಗಳದ್ದು ಸಾಮಾನ್ಯವಾಗಿ 17, 18 ಇಂಚು. ಚಿಕ್ಕ ಚಕ್ರ ಗುಂಡಿಗೆ ಪೂರ್ತಿ ಇಳಿಯುತ್ತೆ, ಅದೇ ದೂರಕ್ಕೆ ಜಾಸ್ತಿ ಸುತ್ತು ಸುತ್ತುತ್ತೆ, ಟೈರ್ ಬೇಗ ಬೋಳಾಗುತ್ತೆ, ನಿಮ್ಮ ಸೊಂಟಕ್ಕೂ ಹೊಡೆತ. ಟ್ಯೂಬ್‌ಲೆಸ್ ಟೈರ್ ಇರೋ ಮಾಡೆಲ್ಲೇ ತಗೊಳ್ಳಿ, ಮೊಳೆ ಚುಚ್ಚಿದ್ರೂ ಪಂಕ್ಚರ್ ಅಂಗಡಿ ತನಕ ಆರ್ಡರ್ ಸಮೇತ ಹೋಗ್ಬಹುದು. ಇನ್ನೊಂದು ಮಾತು, ನಿಮ್ಮ ಏರಿಯಾದ ಬೀದಿ ಮೆಕ್ಯಾನಿಕ್ ಹತ್ರ ಯಾವ ಗಾಡಿ ಪಾರ್ಟ್ ಕೈಗೇ ಸಿಗುತ್ತೆ ಅಂತ ವಿಚಾರಿಸಿ. ಸ್ಪ್ಲೆಂಡರ್, ಪ್ಲಾಟಿನಾ, ಆಕ್ಟಿವಾ ಇಂಥವು ಓಡೋದು ಅದಕ್ಕೇ, ಹತ್ತು ನಿಮಿಷದಲ್ಲಿ ರೆಡಿಯಾಗುತ್ತೆ. ಒಂದು ಪಾರ್ಟಿಗೆ ನಾಲ್ಕು ದಿನ ಕಾಯೋದಂದ್ರೆ ನಾಲ್ಕು ದಿನ ದುಡಿಮೆ ಇಲ್ಲ.

ನಾಲ್ಕನೇದು: ಲೋನು

ಇಲ್ಲಿ ನಿಧಾನ ಮಾಡಿ, ಜನ ಜಾಸ್ತಿ ಕಳ್ಕೊಳ್ಳೋದು ಇಲ್ಲೇ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ, ಆದ್ರೂ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರಿ ಒಂದು 100 ಸಿಸಿ ಬೈಕ್ ಆನ್‌ರೋಡ್ 90 ಸಾವಿರ ಅಂತಿಟ್ಕೊಳ್ಳಿ. 30 ಸಾವಿರ ಕಟ್ಟಿ 60 ಸಾವಿರ ಲೋನ್. ಶೋರೂಮಲ್ಲಿ ಕೂತಿರೋ ಫೈನಾನ್ಸಿನವರು 12 ಪರ್ಸೆಂಟ್, ಮೂರು ವರ್ಷ, ಇಎಂಐ ಬರೀ 2,267 ಅಂತಾರೆ. ಆ 12 ಪರ್ಸೆಂಟ್ ಫ್ಲಾಟ್ ರೇಟು. ಅಂದ್ರೆ ನೀವು ತಿಂಗಳು ತಿಂಗಳು ಅಸಲು ತೀರಿಸ್ತಾ ಬಂದ್ರೂ ಮೂರು ವರ್ಷನೂ ಪೂರ್ತಿ 60 ಸಾವಿರಕ್ಕೇ ಬಡ್ಡಿ ಹಾಕ್ತಾರೆ, ಒಟ್ಟು ಬಡ್ಡಿ 21,600. ಉಳಿದಿರೋ ಅಸಲಿಗೆ ಮಾತ್ರ ಬಡ್ಡಿ ಹಾಕೋ ರೆಡ್ಯೂಸಿಂಗ್ ಲೆಕ್ಕದಲ್ಲಿ ಅದೇ 12 ಪರ್ಸೆಂಟಿಗೆ ಇಎಂಐ 1,993, ಒಟ್ಟು ಬಡ್ಡಿ 11,750ರ ಹತ್ರ. ಫ್ಲಾಟ್ 12 ಅನ್ನೋದು ನಿಜವಾಗಿ 21 ಪರ್ಸೆಂಟಿನ ಬಡ್ಡಿ.

ಆದ್ದರಿಂದ ಬಾಯಿಮಾತಿನ ರೇಟ್ ಬಿಟ್ಟು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಿ ಅಂತ ಕೇಳಿ. 2024ರ ಅಕ್ಟೋಬರ್ 1ರಿಂದ ಹೊಸ ಸಾಲಗಳಿಗೆ ಇದನ್ನ ಕೊಡ್ಲೇಬೇಕು ಅಂತ ರಿಸರ್ವ್ ಬ್ಯಾಂಕ್ ರೂಲ್ ಇದೆ. ಅದರಲ್ಲಿ ಎಪಿಆರ್ ಅಂತ ಒಂದು ನಂಬರ್ ಇರುತ್ತೆ, ಪ್ರೋಸೆಸಿಂಗ್ ಚಾರ್ಜು ಎಲ್ಲಾ ಸೇರಿ ನಿಜವಾದ ಬಡ್ಡಿ ಅದು, ಎರಡು ಕಡೆ ಕೇಳಿ ಅದನ್ನಷ್ಟೇ ಹೋಲಿಸಿ.

ಈಗ ಅವಧಿ. ಮೂರು ವರ್ಷಕ್ಕೆ ನಮ್ಮ ಹುಡುಗ 93,600 ಕಿಮೀ ಓಡಿಸಿರ್ತಾನೆ. 5 ವರ್ಷ ಅಥವಾ 70,000 ಕಿಮೀ ವಾರಂಟಿ ಇರೋ ಗಾಡಿ ಅಂದ್ರೂ 27ನೇ ತಿಂಗಳಿಗೆ ವಾರಂಟಿ ಮುಗೀತು, ಆಮೇಲೆ ಒಂಬತ್ತು ತಿಂಗಳು ಇಎಂಐನೂ ಕಟ್ಬೇಕು ರಿಪೇರಿನೂ ಮಾಡಿಸ್ಬೇಕು. ಎರಡು ವರ್ಷಕ್ಕೆ ತಗೊಂಡ್ರೆ ರೆಡ್ಯೂಸಿಂಗ್ 12ರಲ್ಲಿ ಇಎಂಐ 2,824, ಬಡ್ಡಿ 7,800 ಅಷ್ಟೇ, ಲೋನ್ ತೀರುವಾಗ ಗಾಡಿ 62 ಸಾವಿರ ಓಡಿರುತ್ತೆ, ಇನ್ನೂ ಗಟ್ಟಿ ಇರುತ್ತೆ. ನನ್ನ ಪ್ರಕಾರ ಇದೇ ಗೆರೆ: ಎರಡು ವರ್ಷದ ಇಎಂಐ ನಿಮ್ಮ ಕೈಲಿ ಕಟ್ಟೋಕಾಗಲ್ಲ ಅಂದ್ರೆ ಆ ಗಾಡಿ ನಿಮಗೆ ದುಬಾರಿ, ಅವಧಿ ಎಳೆಯೋ ಬದಲು ಕಮ್ಮಿ ರೇಟಿನ ಗಾಡಿಗೆ ಇಳೀರಿ. ಲೆಕ್ಕ ಹಾಕುವಾಗ ಚೆನ್ನಾಗಿ ಆರ್ಡರ್ ಬಂದ ತಿಂಗಳು ತಗೋಬೇಡಿ, ಆರ್ಡರ್ ಕಮ್ಮಿ ಇದ್ದ ತಿಂಗಳ ದುಡಿಮೇಲಿ ಪೆಟ್ರೋಲ್, ರೂಂ ಬಾಡಿಗೆ, ಊಟ, ಮನೆಗೆ ಕಳ್ಸೋದು ಎಲ್ಲಾ ಕಳೆದು ಉಳಿಯೋದರಲ್ಲಿ ಇಎಂಐ ಹೊರಡುತ್ತಾ ನೋಡಿ.

ಸೆಕೆಂಡ್ ಹ್ಯಾಂಡ್ ನೋಡೋದಾದ್ರೆ

ಈ ಕೆಲಸಕ್ಕೆ ಸೆಕೆಂಡ್ ಹ್ಯಾಂಡ್ ಕೆಟ್ಟದ್ದೇನಲ್ಲ, ಆದ್ರೆ ಇನ್ನೊಬ್ಬ ಡೆಲಿವರಿ ಹುಡುಗ ಹಿಂಡಿ ಬಿಟ್ಟಿರೋ ಗಾಡಿ ತಗೋಬೇಡಿ. ಮೀಟರ್ 25 ಸಾವಿರ ತೋರಿಸ್ತಿದ್ರೂ ಹಿಂದಿನ ಸೀಟಿನ ರೆಕ್ಸಿನ್ ಬ್ಯಾಗ್ ಉಜ್ಜಿ ನುಣ್ಣಗಾಗಿದ್ರೆ, ಹ್ಯಾಂಡಲ್ ಮೇಲೆ ಮೊಬೈಲ್ ಹೋಲ್ಡರ್ ಕಚ್ಚಿದ ಗುರುತಿದ್ರೆ, ಕಾಲಿಡೋ ರಬ್ಬರ್ ಪೂರ್ತಿ ಸವೆದಿದ್ರೆ ಆ ಮೀಟರ್ ನಂಬ್ಬೇಡಿ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ, ನೀಲಿ ಹೊಗೆ ಬಂದ್ರೆ ಎಂಜಿನ್ ಆಯಿಲ್ ಕುಡೀತಿದೆ ಅಂತ. ಎಂಪರಿವಾಹನ್ ಆಪಲ್ಲಿ ನಂಬರ್ ಹಾಕಿ ಓನರ್ ಹೆಸರು, ಇನ್ಶೂರೆನ್ಸ್ ನೋಡಿ, ಫೈನಾನ್ಸ್ ಇದೆಯಾ ನೋಡಿ, ಟ್ರಾಫಿಕ್ ಫೈನ್ ಎಷ್ಟಿದೆ ಅಂತನೂ ನೋಡಿ, ಅದು ಕಟ್ಟಿದ ಮೇಲೇ ದುಡ್ಡು ಕೊಡಿ.

ಹೊಸದಿರ್ಲಿ ಹಳೇದಿರ್ಲಿ, ಇನ್ಶೂರೆನ್ಸ್ ಪಾಲಿಸಿಯಲ್ಲಿ ಬಳಕೆಯ ಮಿತಿ ಅಂತ ಒಂದು ಕಡೆ ಬರೆದಿರುತ್ತೆ. ಸ್ವಂತ ಬಳಕೆಯ ಪಾಲಿಸಿಗಳಲ್ಲಿ ಬಾಡಿಗೆಗೆ ಓಡಿಸೋದು, ಸರಕು ಸಾಗಿಸೋದು ಕವರ್ ಆಗಲ್ಲ ಅಂತ ಇರುತ್ತೆ, ಡ್ಯೂಟಿಯಲ್ಲಿದ್ದಾಗ ಗಾಡಿ ಬಿದ್ದು ಜಖಂ ಆದ್ರೆ ಕ್ಲೈಮಿಗೆ ತಕರಾರು ಬರ್ಬಹುದು. ಡೆಲಿವರಿಗೆ ಓಡಿಸ್ತೀನಿ, ಕವರ್ ಆಗುತ್ತಾ ಅಂತ ಏಜೆಂಟಿಗೆ ವಾಟ್ಸಾಪಲ್ಲೋ ಇಮೇಲಲ್ಲೋ ಬರೆದು ಕೇಳಿ, ಉತ್ತರನೂ ಬರಹದಲ್ಲೇ ಇಟ್ಕೊಳ್ಳಿ. ವಾರಂಟಿ ಪುಸ್ತಕದಲ್ಲೂ ವಾಣಿಜ್ಯ ಬಳಕೆ ಬಗ್ಗೆ ಏನಿದೆ ಅಂತ ಶೋರೂಮಲ್ಲೇ ಓದಿಸಿ.

ಕೊನೇ ಇಎಂಐ ಕಟ್ಟಿದ ಮೇಲೆ ಇನ್ನೊಂದು ಕೆಲಸ ಬಾಕಿ ಇರುತ್ತೆ. ಫೈನಾನ್ಸಿನವರ ಹತ್ರ ಎನ್‌ಓಸಿ ಮತ್ತು ಫಾರಂ 35 ಇಸ್ಕೊಂಡು ಆರ್‌ಟಿಓದಲ್ಲಿ ಆರ್‌ಸಿಯಿಂದ ಅವರ ಹೆಸರು ತೆಗೆಸ್ಬೇಕು, ಹಾಗೇ ಇನ್ಶೂರೆನ್ಸಿಂದನೂ. ಎನ್‌ಓಸಿಗೆ ಸಾಮಾನ್ಯವಾಗಿ ಮೂರು ತಿಂಗಳ ಗಡುವಿರುತ್ತೆ, ಅಷ್ಟರೊಳಗೆ ಮುಗಿಸಿ, ಇಲ್ಲಾಂದ್ರೆ ಗಾಡಿ ಮಾರೋಕೆ ಹೋದಾಗ ಮತ್ತೆ ಅದಕ್ಕೇ ಅಲೀಬೇಕು.