ಲಾಕ್ ಆದ ಫೋನಿನಲ್ಲಿ ಮೊದಲ ಹೆಸರು ಯಾರದ್ದಿರಬೇಕು: ನನ್ನ ಅನುಭವ

ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನಾನು, ಹಿರಿಯ ಗಿರಾಕಿಗಳ ಫೋನಿನಲ್ಲಿ ತುರ್ತು ಎಸ್‌ಒಎಸ್, ವೈದ್ಯಕೀಯ ಮಾಹಿತಿ ಮತ್ತು ತುರ್ತು ಸಂಪರ್ಕಗಳನ್ನು ಹೊಂದಿಸಿಕೊಡಲು ನೂರೈವತ್ತು ರೂಪಾಯಿ ತೆಗೆದುಕೊಳ್ಳಲು ತೊಡಗಿದಾಗ, ಪಕ್ಕದ ಅಂಗಡಿಯವರು ನಕ್ಕಿದ್ದರು. "ರಸ್ತೆಯಲ್ಲಿ ಬಿದ್ದವರ ಫೋನನ್ನು ಯಾರು ಮುಟ್ಟಿ ನೋಡ್ತಾರೆ ಮಾರಾಯ್ರೆ, ಅಷ್ಟು ಹೊತ್ತಿನಲ್ಲಿ ನಾಲ್ಕು ಸ್ಕ್ರೀನ್ ಗಾರ್ಡ್ ಹಾಕಬಹುದು" ಎಂಬುದು ಅವರ ಲೆಕ್ಕಾಚಾರವಾಗಿತ್ತು. ಕಳೆದ ಮಳೆಗಾಲದಲ್ಲಿ ಕಡಿಯಾಳಿ ಕಡೆಯ ಗಿರಾಕಿಯೊಬ್ಬರಿಗೆ ಅದು ಕೆಲಸಕ್ಕೆ ಬಂದ ಮೇಲೆ, ಅದೇ ಅಂಗಡಿಯವರು ತಮ್ಮ ಅತ್ತೆಯ ಫೋನನ್ನು ನನ್ನ ಬಳಿಗೆ ತಂದುಕೊಟ್ಟಿದ್ದಾರೆ.

ಸೆಟ್ಟಿಂಗ್ಸ್ ಒಳಗಿನ Safety & emergency ಎಲ್ಲಿದೆ ಎಂಬುದು ಈ ಕಸುಬಿನವರಿಗೆ ಗೊತ್ತಿರುವುದರಿಂದ ಅದನ್ನು ವಿವರಿಸುವುದಿಲ್ಲ. ಎಲ್ಲವನ್ನೂ ತುಂಬಿದ ಮೇಲೂ ಫೋನು ಕೈಕೊಡುವುದು ಎಲ್ಲಿ ಎಂಬುದೇ ನನಗೆ ಹೆಚ್ಚು ಕಾಲ ಮತ್ತು ಹಣ ತಿಂದ ವಿಷಯ.

ಮೊದಲ ತೊಡಕು ನಮ್ಮ ಊರಿನದ್ದೇ. ಇಲ್ಲಿನ ಹಿರಿಯರನ್ನು ತುರ್ತಿಗೆ ಯಾರ ನಂಬರು ಹಾಕಲಿ ಎಂದು ಕೇಳಿದರೆ, ಹತ್ತರಲ್ಲಿ ಆರೇಳು ಮಂದಿ ದುಬೈಯಲ್ಲಿರುವ ಮಗನ ಅಥವಾ ಮಸ್ಕತ್ತಿನಲ್ಲಿರುವ ಮಗಳ ನಂಬರನ್ನು ಕೊಡುತ್ತಾರೆ. ಎಸ್‌ಒಎಸ್ ಒತ್ತಿದಾಗ ಇರುವ ಜಾಗದ ಲಿಂಕ್ ಸಾಮಾನ್ಯವಾಗಿ ಹೋಗುವುದು ಎಸ್‌ಎಂಎಸ್ ಮೂಲಕ. ಪ್ಲಾನಿನಲ್ಲಿ ದಿನಕ್ಕೆ ನೂರು ಎಸ್‌ಎಂಎಸ್ ಉಚಿತವೆಂದಿದ್ದರೂ ಅದು ದೇಶದೊಳಗಿನ ನಂಬರುಗಳಿಗೆ ಮಾತ್ರ. ವಿದೇಶದ ನಂಬರಿಗೆ ಒಂದು ಎಸ್‌ಎಂಎಸ್‌ಗೆ ಸುಮಾರು ಐದು ರೂಪಾಯಿ ಮುಖ್ಯ ಬ್ಯಾಲೆನ್ಸಿನಿಂದ ಕಡಿತವಾಗುತ್ತದೆ, ಆ ಬ್ಯಾಲೆನ್ಸ್ ಹೆಚ್ಚಿನ ಫೋನುಗಳಲ್ಲಿ ಸೊನ್ನೆಯಾಗಿರುತ್ತದೆ. ಪರೀಕ್ಷೆಗೆಂದು ಒತ್ತಿದಾಗ ಎಸ್‌ಒಎಸ್ ಪರದೆಯು ಸಂದೇಶ ಹಂಚಲಾಗಿದೆ ಎಂಬಂತೆ ತೋರಿಸುತ್ತದೆ. ಮೆಸೇಜಸ್ ಆ್ಯಪನ್ನು ತೆರೆದು ನೋಡಿದರೆ ಅದೇ ಸಂದೇಶದ ಕೆಳಗೆ ಕೆಂಪು ಅಕ್ಷರದಲ್ಲಿ Not sent ಎಂದಿರುತ್ತದೆ. ಇದನ್ನು ಕಂಡುಕೊಳ್ಳುವುದಕ್ಕೆ ನನ್ನ ಕೈಯಿಂದ ಆರುನೂರು ಏಳುನೂರು ರೂಪಾಯಿಯ ಟಾಪ್‌ಅಪ್ ಹೋಯಿತು. ಆದ್ದರಿಂದ ಮೊದಲ ಹೆಸರು ಹತ್ತು ನಿಮಿಷದೊಳಗೆ ನಡೆದೋ ಸ್ಕೂಟರಿನಲ್ಲೋ ಬರಬಲ್ಲವರದ್ದು, ಎರಡನೆಯದು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುವವರದ್ದು. ವಿದೇಶದವರಿಗೆ ಸುದ್ದಿ ಮುಟ್ಟಿಸುವ ಕೆಲಸ ಈ ಇಬ್ಬರದ್ದು. ಹಿರಿಯರಿಗೆ ಬೇಸರವಾಗದಂತೆ ಪಕ್ಕದ ಮನೆಯವರ ಹೆಸರನ್ನು ಅವರ ಬಾಯಿಂದಲೇ ಬರಿಸುವ ಒಂದು ಪ್ರಶ್ನೆ ನನ್ನಲ್ಲಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಎರಡನೆಯ ತೊಡಕು ಲಾಕ್ ಪರದೆಯದ್ದು. ಪಿನ್ ಅಥವಾ ಪ್ಯಾಟರ್ನ್ ಇರುವ ಫೋನಿನಲ್ಲಿ ಮೇಲಕ್ಕೆ ಸರಿಸಿದಾಗ Emergency call ಎಂಬುದು ಕಾಣುತ್ತದೆ, ಅದರೊಳಗೆ ವೈದ್ಯಕೀಯ ಮಾಹಿತಿ ಮತ್ತು ತುರ್ತು ಸಂಪರ್ಕಗಳು ಇರುತ್ತವೆ. ಆದರೆ ಲಾಕ್ ಆಗಿರುವಾಗಲೂ ತೋರಿಸು ಎಂಬ ಆಯ್ಕೆಯನ್ನು ಬೇರೆಯಾಗಿಯೇ ಆನ್ ಮಾಡಿರಬೇಕು. ಮಾಹಿತಿಯನ್ನೆಲ್ಲ ಶ್ರದ್ಧೆಯಿಂದ ತುಂಬಿ ಆ ಒಂದು ಆಯ್ಕೆಯನ್ನು ಆಫ್ ಇಟ್ಟಿರುವ ಫೋನುಗಳು ನನ್ನ ಮೇಜಿಗೆ ಈಗಲೂ ಬರುತ್ತವೆ. ಹೂವು, ದೇವರ ಚಿತ್ರ ತೋರಿಸುವ ಹೊರಗಿನ ಲಾಕ್ ಆ್ಯಪ್ ಹಾಕಿಕೊಂಡಿದ್ದರೆ ಈ ಗುಂಡಿಯೇ ಮರೆಯಾಗುವುದುಂಟು, ಅಂಥದ್ದನ್ನು ನಾನು ಮೊದಲು ತೆಗೆದುಹಾಕುತ್ತೇನೆ.

ಇಷ್ಟೆಲ್ಲ ಸರಿಯಿದ್ದರೂ, ಎತ್ತಿಕೊಂಡವನಿಗೆ ಅಲ್ಲಿ ಒತ್ತಬೇಕೆಂದು ತಿಳಿಯಬೇಕಲ್ಲ. ಫೋನಿನ ಹಿಂಬದಿಗೆ ನಂಬರು ಬರೆದ ಚೀಟಿ ಅಂಟಿಸಿ ನೋಡಿದೆ. ಜೂನ್ ಮುಗಿಯುವುದರೊಳಗೆ ಮಳೆಯ ತೇವಕ್ಕೆ ಅದು ಎದ್ದುಬಂತು. ನಂಬರನ್ನು ವಾಲ್‌ಪೇಪರ್ ಮಾಡಿದರೆ ಗಡಿಯಾರ ಅದರ ಮೇಲೆಯೇ ಬಂದು ಕುಳಿತಿತು. ಕೊನೆಗೆ ಉಳಿದದ್ದು ಲಾಕ್ ಪರದೆಯಲ್ಲಿ ಒಂದು ಸಾಲು ಬರೆಯಲು ಫೋನಿನಲ್ಲೇ ಇರುವ ಸೌಲಭ್ಯ. ಅಲ್ಲಿ ಹೆಸರನ್ನಾಗಲಿ ರೋಗವನ್ನಾಗಲಿ ಬರೆಯದೆ, ದಾರಿಯನ್ನು ಮಾತ್ರ ಬರೆಯುತ್ತೇನೆ:

```
HELP: SWIPE UP > EMERGENCY CALL > MEDICAL INFO
```

ಕಡಿಯಾಳಿಯ ಗಿರಾಕಿಯ ವಿಷಯದಲ್ಲಿ ಕೆಲಸ ಮಾಡಿದ್ದು ಈ ಸಾಲೇ. ಎಪ್ಪತ್ತು ದಾಟಿದ ಅವರಿಗೆ ಹೃದಯದ ಕವಾಟ ಬದಲಿಸಲಾಗಿದ್ದು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನಡೆಯುತ್ತಿತ್ತು. ಮಳೆಯಲ್ಲಿ ಜಾರಿಬಿದ್ದು ತಲೆಗೆ ಪೆಟ್ಟಾಗಿ ಅವರ ಮಾತು ತೊದಲುತ್ತಿದ್ದಾಗ, ರಿಕ್ಷಾ ಚಾಲಕನೊಬ್ಬ ಆ ಸಾಲನ್ನು ಓದಿ ಒಳಗೆ ಹೋಗಿ ಪಕ್ಕದ ಮನೆಯವರಿಗೆ ಕರೆ ಮಾಡಿದ್ದಾನೆ. ಅದೇ ಪುಟವನ್ನು ಆಸ್ಪತ್ರೆಯಲ್ಲಿ ಡಾಕ್ಟರಿಗೂ ತೋರಿಸಿದ್ದಾನೆ. ವಾರ್ಫರಿನ್ ತೆಗೆದುಕೊಳ್ಳುವವರಿಗೆ ತಲೆಯೊಳಗೆ ರಕ್ತಸ್ರಾವದ ಅಪಾಯ ಹೆಚ್ಚಿರುವುದರಿಂದ, ಆ ಒಂದು ಪದ ಕಂಡೊಡನೆ ಸ್ಕ್ಯಾನ್‌ಗೂ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಐಎನ್‌ಆರ್ ಪರೀಕ್ಷೆಗೂ ಕಳುಹಿಸಿದರೆಂದು ಮನೆಯವರು ಆಮೇಲೆ ಬಂದು ಹೇಳಿದರು.

ಅವರ ಫೋನಿನಲ್ಲಿ ನಾನು ಬರೆದದ್ದು ಇಷ್ಟೇ:

```
WARFARIN - HEART VALVE
DIABETIC - INSULIN
ALLERGY: PENICILLIN
```

ಮೊದಲು ಕನ್ನಡದಲ್ಲಿಯೇ ಬರೆಯುತ್ತಿದ್ದೆ, ಆದರೆ ಇಲ್ಲಿನ ಆಸ್ಪತ್ರೆಗಳಲ್ಲಿ ಕನ್ನಡ ಓದಲು ಬಾರದ ಸಿಬ್ಬಂದಿಯೂ ಇರುವುದರಿಂದ ಅದನ್ನು ಬಿಟ್ಟೆ. ಕಂಪನಿ ಇಟ್ಟ ಹೆಸರನ್ನು ಬರೆಯದೆ ಔಷಧದ ಮೂಲ ಹೆಸರನ್ನು ಡಾಕ್ಟರ ಚೀಟಿ ನೋಡಿಕೊಂಡೇ ಬರೆಯುತ್ತೇನೆ. ವಾರ್ಫರಿನ್ ಪ್ರಮಾಣವನ್ನು ಬರೆಯುವುದಿಲ್ಲ, ಏಕೆಂದರೆ ಐಎನ್‌ಆರ್ ನೋಡಿ ಅದನ್ನು ಆಗಾಗ ಬದಲಿಸುತ್ತಾರೆ ಮತ್ತು ಹಳೆಯ ಪ್ರಮಾಣವು ದಾರಿ ತಪ್ಪಿಸಬಹುದು. ರಕ್ತದ ಗುಂಪನ್ನು ತುಂಬಲು ಎಲ್ಲರೂ ಉತ್ಸಾಹ ತೋರುತ್ತಾರೆ. ಆದರೆ ಫೋನಿನಲ್ಲಿರುವುದನ್ನು ನಂಬಿ ಯಾವ ಆಸ್ಪತ್ರೆಯೂ ರಕ್ತ ಕೊಡುವುದಿಲ್ಲ, ಪರೀಕ್ಷಿಸಿಯೇ ಕೊಡುತ್ತದೆ.

ಎಸ್‌ಒಎಸ್ ಒತ್ತುವಿಕೆಯ ವಿಷಯದಲ್ಲಿ ಪವರ್ ಬಟನ್ನನ್ನೇ ನೆಚ್ಚಿಕೊಳ್ಳಬೇಕು. ಒದ್ದೆ ಬೆರಳಿಗೆ ಪರದೆ ಸ್ಪಂದಿಸದಿದ್ದರೂ ಬಟನ್ ಸ್ಪಂದಿಸುತ್ತದೆ. ಹೆಚ್ಚಿನ ಹ್ಯಾಂಡ್‌ಸೆಟ್‌ಗಳಲ್ಲಿ ಐದು ಸಲ, ಕೆಲವುಗಳಲ್ಲಿ ಮೂರು ಸಲ ಬೇಗಬೇಗ ಒತ್ತಬೇಕಾಗುತ್ತದೆ. ಬಟನ್ನನ್ನು ಅದುಮುವ ಬಿಗಿಯಾದ ಕವರ್ ಇದ್ದರೆ ಕಿಸೆಯಲ್ಲಿಯೇ 112ಕ್ಕೆ ಕರೆ ಹೋಗುವುದರಿಂದ, ಕವರನ್ನು ಬದಲಿಸದೆ ನಾನು ಎಸ್‌ಒಎಸ್ ಆನ್ ಮಾಡುವುದಿಲ್ಲ, ಕೌಂಟ್‌ಡೌನ್ ಸದ್ದನ್ನೂ ಆನ್ ಇಡುತ್ತೇನೆ. ಪರೀಕ್ಷಿಸುವಾಗ 112ರವರಿಗೆ ತೊಂದರೆಯಾಗದಂತೆ, ನಂಬರು ಬದಲಿಸಲು ಬರುವ ಫೋನುಗಳಲ್ಲಿ ಅಂಗಡಿಯ ಎರಡನೆಯ ನಂಬರನ್ನು ತುಂಬಿ, ಮುಗಿದ ಮೇಲೆ ಮತ್ತೆ 112 ಹಾಕಿ, ಅದನ್ನು ಗಿರಾಕಿಗೇ ಓದಿಸುತ್ತೇನೆ. ಲಿಂಕ್ ಬಂದು ಜಾಗ ಮಾತ್ರ ಕಾಣದಿದ್ದರೆ, ಬ್ಯಾಟರಿ ಉಳಿಸಲು ಲೊಕೇಶನ್ ಆಫ್ ಮಾಡಿದ್ದಾರೆ ಅಥವಾ ಸುರಕ್ಷತಾ ಆ್ಯಪಿಗೆ ಅದನ್ನು ಸದಾ ಬಳಸುವ ಅನುಮತಿ ಇಲ್ಲವೆಂದು ಹೆಚ್ಚಾಗಿ ಅರ್ಥ.

ಕೀಪ್ಯಾಡ್ ಫೋನುಗಳನ್ನೂ ಕುತೂಹಲಕ್ಕೆ ನೋಡಿದೆ. 2016ರ ಕೇಂದ್ರ ನಿಯಮದ ಪ್ರಕಾರ ಅವುಗಳಲ್ಲಿ 5 ಅಥವಾ 9ನ್ನು ಒತ್ತಿಹಿಡಿದರೆ ತುರ್ತು ಕರೆ ಹೋಗಬೇಕು. ಅಂಗಡಿಗೆ ಬಂದ ಹಳೆಯ ಸೆಟ್ ಒಂದರಲ್ಲಿ 5ಕ್ಕೆ ಮೀನು ತರುವವಳ ಸ್ಪೀಡ್ ಡಯಲ್ ಇತ್ತು, ಒತ್ತಿಹಿಡಿದರೆ ಅವಳಿಗೇ ಕರೆ ಹೋಗುತ್ತಿತ್ತು. 9 ಖಾಲಿಯಿದ್ದರೂ ಅದರಿಂದ ಏನೂ ಆಗಲಿಲ್ಲ. ಆ ನಿಯಮಕ್ಕಿಂತ ಮೊದಲು ತಯಾರಾದ ಸೆಟ್ ಅದು. ಆ ಸೆಟ್ಟಿನ ಗಿರಾಕಿಯ ಮನೆಯ ಎದುರಿನವರ ನಂಬರನ್ನು 9ಕ್ಕೆ ಹಾಕಿಕೊಟ್ಟೆ, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.