ರೇಡಿಯೇಷನ್ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಬೇಡಿ

ನಮ್ಮ ಅಪ್ಪಯ್ಯನಿಗೆ ಕೆನ್ನೆಯ ಕ್ಯಾನ್ಸರ್ ಆಪರೇಷನ್ ಆದ ಮೇಲೆ 30 ಸಲ ರೇಡಿಯೇಷನ್ ಬರೆದಿದ್ರು. ರೇಡಿಯೇಷನ್ ಡೋಸನ್ನು ಗ್ರೇ ಅಂತ ಅಳೀತಾರೆ, ಒಂದು ಸಲಕ್ಕೆ 2 ಗ್ರೇ, ಒಟ್ಟು 60. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ದಿನಾ ಬಸ್ಸು. ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಪಿನ್ ಹಾಕಿಟ್ಟಿದ್ದೆ. ನಡುವೆ ಎರಡು ದಿನ ಮಷೀನ್ ಕೆಟ್ಟಿತು, ಒಂದು ಹಬ್ಬದ ರಜೆ ಬಂತು, ಲೆಕ್ಕವೇ ತಪ್ಪಿತು.

ಆಮೇಲೆ ಅಡಿಕೆ ಲೆಕ್ಕದ ಉದ್ದ ಪುಸ್ತಕದಲ್ಲಿ ಸಲಕ್ಕೊಂದು ಸಾಲು ಮಾಡಿದೆ: ಎಷ್ಟನೇ ಸಲ, ತಾರೀಖು, ಇವತ್ತಿನವರೆಗೆ ಒಟ್ಟು ಗ್ರೇ, ಬಾಯಿ-ಗಂಟಲು-ಊಟ, ಚರ್ಮ. ತಪ್ಪಿದ ದಿನಕ್ಕೆ ತಾರೀಖು, ಕಾರಣ ಮಾತ್ರ. ಸಂಖ್ಯೆ ಮುಂದೆ ಹೋಗಬಾರದು. ಡೋಸನ್ನು ನೀವೇ ಗುಣಿಸಬೇಡಿ, ಟೆಕ್ನಿಷಿಯನ್ ಹತ್ರ ಕೇಳಿ ಬರ್ಕೊಳ್ಳಿ. ಕೆಲವರಿಗೆ ನಡುವೆ ಪ್ಲಾನ್ ಬದಲಾಗುತ್ತೆ.

ಚರ್ಮದ ಕಾಲಂನಲ್ಲಿ ‘ಉರಿ’ ಅಂತ ಬರೆದರೆ ಸಾಲದು. ಜಾಗ, ಬಣ್ಣ, ಒಣಗಿ ಸುಲಿಯುತ್ತಿದೆಯೋ ನೀರು ಒಸರುತ್ತಿದೆಯೋ, ಇಷ್ಟು ಬೇಕು. ನಮ್ಮ ಪುಸ್ತಕದಲ್ಲಿ ಹೀಗಿದೆ: “14ನೇ ಸಲ, 28 ಗ್ರೇ, ಕತ್ತಿನ ಬಲಗಡೆ ಕಪ್ಪಾಗಿದೆ, ಕೆರೆತ.” “23ನೇ ಸಲ, 46 ಗ್ರೇ, ಕಾಲರ್ ತಾಗುವ ಮಡಿಕೆಯಲ್ಲಿ ಎಂಟಾಣೆಯಷ್ಟು ಜಾಗ ಒದ್ದೆ.” ನಮ್ಮಂಥ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದೇ ಇರಬಹುದು, ಕಪ್ಪಾಗುವುದನ್ನೇ ನೋಡಿ. ಒದ್ದೆ ಕಂಡ ದಿನವೇ ಡಾಕ್ಟರಿಗೆ ತೋರಿಸಿ, ವಾರದ ಚೆಕಪ್‌ಗೆ ಕಾಯಬೇಡಿ. ಮಳೆಗಾಲದಲ್ಲಿ ಬಟ್ಟೆ ಸರಿಯಾಗಿ ಒಣಗಲ್ಲ ನೋಡಿ, ಆ ಥಂಡಿ ಕಾಲರ್ ಬೇರೆ ಉಜ್ಜುತ್ತಿತ್ತು.

30ನೇ ಸಲ ಮುಗಿದ ಕೂಡಲೇ ಪುಸ್ತಕ ಮುಚ್ಚಬೇಡಿ. ಚರ್ಮ ಮುಂದಿನ ಒಂದೆರಡು ವಾರ ಇನ್ನೂ ಹೆಚ್ಚು ಕೆಡಬಹುದು. ಆ ದಿನಗಳಿಗೆ ‘ಮುಗಿದು 5ನೇ ದಿನ’ ಅಂತ ಬರೆಯಿರಿ.